ಆಗಸ್ಟ್ 14, ಬುಧವಾರ: ಮೂರನೇ ದಿನವೋ, ಐದನೇ ದಿನವೋ?

ನಮ್ಮ ಚಿಕ್ಕಪ್ಪನಿಗೆ ಊರಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಶಿರಾ ತಾಲ್ಲೂಕಿನ ಕಡೆಯ ಊರು. ಬೆಳಿಗ್ಗೆ ಆರಕ್ಕೆ ಮೋಟಾರು ಶುರುವಾದರೆ ಮಧ್ಯಾಹ್ನದವರೆಗೆ ಮೈಯೆಲ್ಲ ರಾಗಿ ಹಿಟ್ಟು. ಫೋನಿಗೆ ಬರುವ ಮೆಸೇಜು ನೋಡುವ ಅಭ್ಯಾಸ ಅವರಿಗಿಲ್ಲ. ನೋಡಿದರೂ ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿರುತ್ತದೆ. ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು, ಅದನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಓದಿ ಹೇಳಬೇಕು.

2024ರ ಆಗಸ್ಟ್ 14, ಬುಧವಾರ. ಮಗಳ ಹಾಸ್ಟೆಲ್ ಫೀಜು ಕಟ್ಟಬೇಕಿತ್ತು. ಖಾತೆಯಲ್ಲಿ ಎಷ್ಟಿದೆ ನೋಡೋಣ ಎಂದು ಎಂಟ್ರಿ ಹಾಕಿಸಿದರು. ನಾನು ಜೊತೆಗಿದ್ದೆ. ಆಗಸ್ಟ್ 9ರ ದಿನಾಂಕದಲ್ಲಿ ಮೂರು ಸಾಲು: ₹4,870, ₹4,870, ₹9,310. ಒಟ್ಟು ₹19,050. ಪಕ್ಕದಲ್ಲಿ ಯಾವುದೋ ಪರದೇಶದ ಆನ್‌ಲೈನ್ ಅಂಗಡಿಯ ಹೆಸರು. ಒಂದೊಂದರ ಕೆಳಗೂ ನೂರಾರು ರೂಪಾಯಿಯ ಇನ್ನೊಂದು ಕಡಿತ.

"ನಾನು ಒಂಬತ್ತನೇ ತಾರೀಕು ನಾಗಪ್ಪನಿಗೆ ಹಾಲೆರೆದು ಮನೇಲೇ ಇದ್ದೆ ಕಣಪ್ಪ. ಕಾರ್ಡು ಬೀರುವಿನಲ್ಲೈತೆ. ಯಾರಿಗೆ ಕೊಟ್ಟೆ ನಾನು ದುಡ್ಡು?" ಅಂದರು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮ್ಯಾನೇಜರ್ ಕೋಣೆಯ ಕಡೆ ನೋಡುತ್ತಾರೆ. ಅಲ್ಲಿ ಸಾಲು ಇತ್ತು. ಸಾಲಿನಲ್ಲಿ ನಿಲ್ಲುವ ಮುಂಚೆಯೇ ಕಾರ್ಡ್ ಬ್ಲಾಕ್ ಮಾಡಿಸಬೇಕು. ಕಳ್ಳನ ಕೈಯಲ್ಲಿ ಕಾರ್ಡಿನ ನಂಬರು ಇನ್ನೂ ಇದೆ, ಖಾತೆಯಲ್ಲಿ ಇನ್ನೂ ದುಡ್ಡಿದೆ. ಚಿಕ್ಕಪ್ಪನನ್ನು ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂರಿಸಿ, ಪಾಸ್‌ಬುಕ್ಕಿನ ಹಿಂದೆ ಅಚ್ಚಾಗಿದ್ದ ಟೋಲ್‌ಫ್ರೀ ನಂಬರಿಗೆ ಅವರ ಫೋನಿನಿಂದಲೇ ಕರೆ ಮಾಡಿಸಿದೆ. ಆ ನಂಬರನ್ನು ಗೂಗಲ್‌ನಲ್ಲಿ ಹುಡುಕಲು ಹೋಗಬೇಡಿ. ಬ್ಯಾಂಕಿನ ಹೆಸರಿನಲ್ಲಿ ಕಳ್ಳರೇ ಹಾಕಿಟ್ಟ ನಂಬರುಗಳು ಅಲ್ಲಿ ಸಿಗುತ್ತವೆ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರೇ ಸಾಕು.

ಆ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ಕಾರ್ಡ್ ಬ್ಲಾಕ್ ಆಯಿತು. "ಇಷ್ಟೇ ಸಾಕಲ್ವಾ?" ಅಂದರು ಚಿಕ್ಕಪ್ಪ. ಸಾಲದು. ಕಾರ್ಡ್ ಬ್ಲಾಕ್ ಮಾಡಿಸುವುದು ಬೇರೆ, ಈ ಮೂರು ವ್ಯವಹಾರ ನನ್ನದಲ್ಲ ಎಂದು ದೂರು ಬರೆಸುವುದು ಬೇರೆ. ಬ್ಲಾಕ್ ಮಾಡಿಸಿ ಮನೆಗೆ ಹೋದವರು ಆಮೇಲೆ "ನೀವು ದೂರೇ ಕೊಟ್ಟಿಲ್ಲವಲ್ಲ" ಎಂಬ ಮಾತು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಅದೇ ಕರೆಯಲ್ಲಿ ಮೂರೂ ವ್ಯವಹಾರದ ದಿನಾಂಕ, ಮೊತ್ತ ಹೇಳಿಸಿ ದೂರಿನ ಸಂಖ್ಯೆ ಕೇಳಿದೆವು. ಅದು ಮೆಸೇಜಾಗಿ ಬಂತು. ಸಮಯ 11 ಗಂಟೆ 25 ನಿಮಿಷ. ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಪೊಲೀಸರ ಸೈಬರ್ ಸಹಾಯವಾಣಿ 1930ಕ್ಕೂ ಒಂದು ಕರೆ ಮಾಡಿದೆವು.

ಆಮೇಲೆ ಒಳಗೆ ಹೋಗಿ ಅರ್ಜಿ ಕೊಟ್ಟೆವು. ಕೌಂಟರಿನ ಅಧಿಕಾರಿ ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು. ಕಂಪ್ಯೂಟರ್ ನೋಡಿ ಹೇಳಿದರು: "ಒಂಬತ್ತನೇ ತಾರೀಕು ರಾತ್ರಿನೇ ಮೂರೂ ಎಸ್ಎಂಎಸ್ ಹೋಗಿದೆ ಯಜಮಾನ್ರೇ. ಇವತ್ತು ಹದಿನಾಲ್ಕು. ಐದು ದಿನ ಆಯ್ತು. ಮೂರು ದಿನದೊಳಗೆ ಹೇಳಿದ್ರೆ ಮಾತ್ರ ಪೂರ್ತಿ ದುಡ್ಡು ಬರೋದು."

ಚಿಕ್ಕಪ್ಪ ಫೋನು ತೆಗೆದರು. ಮೆಸೇಜು ಬಂದಿದ್ದು ನಿಜ. ಮೂರೂ ಅಲ್ಲೇ ಇದ್ದವು, ಗಿರಾಕಿಗಳ ಮಿಸ್ಡ್ ಕಾಲಿನ ಮೆಸೇಜುಗಳ ನಡುವೆ.

ಎಷ್ಟೋ ಜನ ಇಲ್ಲಿಗೇ ಪಾಸ್‌ಬುಕ್ ಮಡಚಿಕೊಂಡು ವಾಪಸ್ ಬರುತ್ತಾರೆ. ಆದರೆ ನಿಯಮದಲ್ಲಿರುವ ಮೂರು ದಿನ, ಗೋಡೆಯ ಕ್ಯಾಲೆಂಡರಿನ ಮೂರು ದಿನವಲ್ಲ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಗ್ರಾಹಕ ಮಾಡದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರ ತಲೆಗೆ ಎಂದು ಹೇಳುವ ಸುತ್ತೋಲೆ ಅದು. ಗ್ರಾಮೀಣ ಬ್ಯಾಂಕುಗಳಿಗೂ ಅದು ಅನ್ವಯ. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷ ಡಿಸೆಂಬರಿನಲ್ಲಿ ಇಂಥದ್ದೇ ಇನ್ನೊಂದು ಬಂತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಇನ್ನೆಲ್ಲೋ ಸೋರಿಕೆಯಾಗಿದೆ ಎನ್ನುವ ಪ್ರಕರಣದಲ್ಲಿ, ಬ್ಯಾಂಕಿನಿಂದ ತಿಳಿವಳಿಕೆ ಸಿಕ್ಕ ಮೇಲೆ ಮೂರು ಕೆಲಸದ ದಿನಗಳೊಳಗೆ ಹೇಳಿದರೆ ಗ್ರಾಹಕನಿಗೆ ಒಂದು ರೂಪಾಯಿ ಹೊರೆಯೂ ಇಲ್ಲ. ಕೆಲಸದ ದಿನ ಎಂದರೆ ನಿಮ್ಮ ಖಾತೆ ಇರುವ ಶಾಖೆ ತೆರೆದಿರುವ ದಿನ. ತಿಳಿವಳಿಕೆ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬ್ಯಾಂಕಿನದೇ ತಪ್ಪು ಅಥವಾ ಒಳಗಿನವರದೇ ಕೈವಾಡ ಎಂದಾದರಂತೂ ನೀವು ಯಾವಾಗ ಹೇಳಿದಿರಿ ಎಂಬ ಪ್ರಶ್ನೆಯೇ ಇಲ್ಲ, ನಷ್ಟ ಪೂರ್ತಿ ಬ್ಯಾಂಕಿನದು.

ಅಧಿಕಾರಿಯ ಮೇಜಿನ ಮೇಲಿದ್ದ ಕ್ಯಾಲೆಂಡರನ್ನೇ ತಿರುಗಿಸಿ ಅವರ ಮುಂದೆ ಎಣಿಸಿದೆ. ಒಂಬತ್ತು, ಶುಕ್ರವಾರ, ಮೆಸೇಜು ಬಂದ ದಿನ, ಲೆಕ್ಕಕ್ಕಿಲ್ಲ. ಹತ್ತು, ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಹನ್ನೊಂದು ಭಾನುವಾರ. ಹನ್ನೆರಡು ಸೋಮವಾರ, ಅದು ಮೊದಲನೇ ದಿನ. ಹದಿಮೂರು ಎರಡನೇ ದಿನ. ಹದಿನಾಲ್ಕು, ಇವತ್ತು, ಮೂರನೇ ದಿನ.

ಅವರು ಇನ್ನೊಮ್ಮೆ ತಾವೇ ಎಣಿಸಿದರು. "ಸರಿ ಸರ್, ಮೂರೇ ಆಗುತ್ತೆ" ಅಂದರು. ಮರುದಿನ ಸ್ವಾತಂತ್ರ್ಯ ದಿನದ ರಜೆ. ಫೀಜಿನ ನೆಪದಲ್ಲಿ ಅವತ್ತು ಹೋಗದೆ ಹಬ್ಬ ಮುಗಿಸಿ ಶುಕ್ರವಾರ ಹೋಗಿದ್ದರೆ ನಾಲ್ಕನೇ ದಿನವಾಗುತ್ತಿತ್ತು.

ನಾಲ್ಕಾದರೆ ಏನಾಗುತ್ತಿತ್ತು ಎಂದು ಆಮೇಲೆ ಗಿರಣಿಯ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆವು. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಮ್ಮಂಥ ಸಣ್ಣ ಖಾತೆಯವರಿಗೆ ಪೆಟ್ಟು ಬೀಳುವುದು ಇಲ್ಲೇ.

ನಾಲ್ಕರಿಂದ ಏಳನೇ ಕೆಲಸದ ದಿನದೊಳಗೆ ಹೇಳಿದರೆ ಗ್ರಾಹಕನ ಹೊರೆಗೆ ಒಂದು ಮಿತಿ ಇದೆ. ಮಾಮೂಲಿ ಉಳಿತಾಯ ಖಾತೆಗೆ ₹10,000. ಜನಧನದಂಥ ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಗೆ ₹5,000. "ಹಂಗಾರೆ ನಂಗೆ ಹತ್ತು ಸಾವ್ರ ಹೋಗಿ ಉಳಿದ ಒಂಬತ್ತು ಬರ್ತಿತ್ತು ಬಿಡು" ಅಂದರು ಚಿಕ್ಕಪ್ಪ. ಪತ್ರಿಕೆಗಳಲ್ಲಿ ಓದಿದವರೂ ಹೀಗೇ ತಿಳಿದಿರುತ್ತಾರೆ. ಆದರೆ ಆ ಮಿತಿ ಒಟ್ಟು ನಷ್ಟಕ್ಕಲ್ಲ, ಒಂದೊಂದು ವ್ಯವಹಾರಕ್ಕೆ. ವ್ಯವಹಾರದ ಮೊತ್ತ ಮತ್ತು ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಗ್ರಾಹಕನ ಹೊರೆ. ಚಿಕ್ಕಪ್ಪನದು ಮಾಮೂಲಿ ಉಳಿತಾಯ ಖಾತೆ. 4,870 ಹತ್ತು ಸಾವಿರಕ್ಕಿಂತ ಕಡಿಮೆ, ಪೂರ್ತಿ ಅವರ ತಲೆಗೆ. ಇನ್ನೊಂದು 4,870, ಅದೂ ಅವರ ತಲೆಗೆ. 9,310 ಕೂಡ ಹತ್ತು ಸಾವಿರದ ಒಳಗೇ ಇದೆ, ಅದೂ ಅವರದೇ. ಅಂದರೆ ನಾಲ್ಕನೇ ದಿನ ಹೋಗಿದ್ದರೆ ನಿಯಮದ ಪ್ರಕಾರ ಬ್ಯಾಂಕು ಕೊಡಬೇಕಾಗಿದ್ದುದು ಸೊನ್ನೆ.

ಖಾತೆ ಜನಧನದ್ದಾಗಿದ್ದರೆ? ಮೊದಲ ಎರಡು ಐದು ಸಾವಿರದೊಳಗಿವೆ, ಅವೆರಡೂ ಹೋದಂತೆಯೇ. ಮೂರನೆಯದರಲ್ಲಿ ₹5,000 ಅವರದು, ಉಳಿದ ₹4,310 ಮಾತ್ರ ಬ್ಯಾಂಕಿನದು. ₹19,050ರಲ್ಲಿ ಕೈಗೆ ಬರುತ್ತಿದ್ದುದು ಅಷ್ಟೇ.

ಕಳ್ಳರು ದೊಡ್ಡ ಮೊತ್ತವನ್ನು ಒಂದೇ ಸಲ ಎಳೆಯದೆ ಸಣ್ಣ ಸಣ್ಣದಾಗಿ ಎಳೆದರೆ ಈ ಮಿತಿ ನಮ್ಮಂಥವರಿಗೆ ಉಪಯೋಗಕ್ಕೇ ಬರುವುದಿಲ್ಲ. ಲಕ್ಷಗಟ್ಟಲೆ ಒಂದೇ ಏಟಿಗೆ ಕಳೆದುಕೊಂಡವನಿಗೆ ಹತ್ತು ಸಾವಿರದ ಮಿತಿ ದೊಡ್ಡ ರಕ್ಷಣೆ, ಹಿಟ್ಟಿನ ಗಿರಣಿಯವನಿಗೆ ಅಲ್ಲ. ನಿಯಮ ಬರೆದವರ ಮನಸ್ಸಿನಲ್ಲಿ ಯಾರಿದ್ದರೋ. ಏಳು ದಿನವೂ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯಂತೆ ಕೊಟ್ಟಷ್ಟು ತೆಗೆದುಕೊಳ್ಳಬೇಕು.

ಇನ್ನು ಬ್ಯಾಂಕಿನ ಎರಡನೇ ಮಾತು. ದಿನದ ಲೆಕ್ಕ ಒಪ್ಪಿಕೊಂಡ ಮೇಲೆ ಮ್ಯಾನೇಜರ್ ಕೋಣೆಯಿಂದ ಇನ್ನೊಂದು ಪ್ರಶ್ನೆ ಬಂತು: "ಓಟಿಪಿ ಇಲ್ಲದೆ ಆನ್‌ಲೈನ್‌ನಲ್ಲಿ ದುಡ್ಡು ಹೋಗಲ್ಲ. ಯಾರಿಗಾದ್ರೂ ಹೇಳಿರ್ತೀರಿ, ನೆನಪು ಮಾಡ್ಕೊಳ್ಳಿ."

ಇದು ಸಣ್ಣ ಮಾತಲ್ಲ. ಗ್ರಾಹಕನೇ ಪಿನ್ನೋ ಓಟಿಪಿಯೋ ಹೇಳಿಕೊಟ್ಟಿದ್ದರೆ ಮೂರು ದಿನದ ರಕ್ಷಣೆ ಹಾರಿಹೋಗುತ್ತದೆ. ಆಗ, ಬ್ಯಾಂಕಿಗೆ ತಿಳಿಸುವ ಗಳಿಗೆಯವರೆಗಿನ ನಷ್ಟ ಪೂರ್ತಿ ಗ್ರಾಹಕನದು. ಗಾಬರಿಯಲ್ಲಿ ಚಿಕ್ಕಪ್ಪ "ಹೇಳಿದ್ದರೂ ಹೇಳಿರಬಹುದೇನೋ" ಅನ್ನುವ ಹಂತಕ್ಕೆ ಬಂದಿದ್ದರು. ದೊಡ್ಡವರು ಟೇಬಲ್ಲಿನ ಆ ಕಡೆ ಕೂತು ಹೇಳಿದಾಗ ನಮ್ಮ ಹಳ್ಳಿಯವರು ತಮ್ಮದೇ ತಪ್ಪಿರಬೇಕು ಅಂದುಕೊಳ್ಳುತ್ತಾರೆ. ಹಾಗೆ ಬಾಯಿಗೆ ಬಂದ ಮಾತು ಅರ್ಜಿಯಲ್ಲಿ ಸೇರಿಕೊಂಡರೆ ಮುಗಿಯಿತು.

ನಾನು ಅವರ ಫೋನು ಇಸಕೊಂಡು ಒಂಬತ್ತನೇ ತಾರೀಕಿನ ಮೆಸೇಜುಗಳನ್ನು ಒಂದೊಂದಾಗಿ ನೋಡಿದೆ. ದುಡ್ಡು ಕಡಿತವಾದ ಮೂರು ಮೆಸೇಜು ಇದ್ದವು. ಓಟಿಪಿಯ ಮೆಸೇಜು ಒಂದೂ ಇರಲಿಲ್ಲ. ಮೆಸೇಜು ಅಳಿಸಲು ಚಿಕ್ಕಪ್ಪನಿಗೆ ಬರುವುದಿಲ್ಲ, ಮೂರು ವರ್ಷದ ಹಿಂದಿನ ರೀಚಾರ್ಜಿನ ಮೆಸೇಜೂ ಅಲ್ಲೇ ಇದೆ. ಆ ಹೊತ್ತಿನಲ್ಲಿ ಬಂದ ಅಪರಿಚಿತ ಕರೆಯೂ ಇರಲಿಲ್ಲ.

ಹಾಗಾದರೆ ಓಟಿಪಿ ಇಲ್ಲದೆ ಹೋಗಿದ್ದು ಹೇಗೆ? ಉತ್ತರ ಪಾಸ್‌ಬುಕ್ಕಿನಲ್ಲೇ ಇತ್ತು. ಒಂದೊಂದು ಸಾಲಿನ ಕೆಳಗಿದ್ದ ಆ ನೂರಾರು ರೂಪಾಯಿಯ ಕಡಿತ, ವಿದೇಶಿ ಕರೆನ್ಸಿಯನ್ನು ರೂಪಾಯಿಗೆ ಬದಲಿಸಿದ್ದಕ್ಕೆ ಬ್ಯಾಂಕು ಹಿಡಿದ ಶುಲ್ಕ. ಅಂದರೆ ವ್ಯವಹಾರ ನಡೆದದ್ದು ಪರದೇಶದ ಅಂಗಡಿಯಲ್ಲಿ. ನಮ್ಮ ದೇಶದ ಆನ್‌ಲೈನ್ ಅಂಗಡಿಯಲ್ಲಿ ಕಾರ್ಡಿನಿಂದ ಕೊಡುವಾಗ ಓಟಿಪಿಯಂಥ ಎರಡನೇ ಪರೀಕ್ಷೆ ಕಡ್ಡಾಯ. ಹೊರದೇಶದ ಎಷ್ಟೋ ಅಂಗಡಿಗಳು ಅದನ್ನು ಕೇಳುವುದೇ ಇಲ್ಲ. ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ, ಇಷ್ಟಿದ್ದರೆ ದುಡ್ಡು ಹೋಗುತ್ತದೆ. ಆ ನಂಬರು ಎಲ್ಲಿ ಸೋರಿತು ಎಂಬುದು ನಮಗೆ ಗೊತ್ತಾಗಲೇ ಇಲ್ಲ. ಅದನ್ನು ಪತ್ತೆ ಮಾಡುವುದು ಚಿಕ್ಕಪ್ಪನ ಕೆಲಸವೂ ಅಲ್ಲ.

ಯಾಕೆಂದರೆ ಆ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ. ನನ್ನ ಮಟ್ಟಿಗೆ ಇಡೀ ಸುತ್ತೋಲೆಯ ಬೆನ್ನೆಲುಬೇ ಅದು. ಗ್ರಾಹಕನದು ತಪ್ಪು ಎಂದು ತೋರಿಸುವ ಹೊಣೆ ಬ್ಯಾಂಕಿನದು. ನಾನು ಹೇಳಿಲ್ಲ ಎಂದು ಚಿಕ್ಕಪ್ಪ ಸಾಬೀತು ಮಾಡಬೇಕಿಲ್ಲ. ಹೇಳಿದ್ದಾರೆ ಎಂದು ಬ್ಯಾಂಕು ದಾಖಲೆ ತೋರಿಸಬೇಕು. ಓಟಿಪಿ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಇರಲೇಬೇಕು. ಅರ್ಜಿಯಲ್ಲಿ ಅದನ್ನೇ ಕೇಳಿ ಬರೆದೆವು.

ಅರ್ಜಿ ಉದ್ದವಿರಲಿಲ್ಲ. ಖಾತೆ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೂರು ವ್ಯವಹಾರದ ದಿನಾಂಕ ಮತ್ತು ಮೊತ್ತ. ಇವು ನಾನು ಮಾಡಿದ್ದಲ್ಲ, ಕಾರ್ಡ್ ನನ್ನ ಬಳಿಯೇ ಇದೆ, ಯಾರಿಗೂ ಪಿನ್ ಅಥವಾ ಓಟಿಪಿ ಹೇಳಿಲ್ಲ. ಮೆಸೇಜು ಬಂದದ್ದು ಆಗಸ್ಟ್ 9ರಂದು, ಇಂದು ಮೂರನೇ ಕೆಲಸದ ದಿನ, ಫೋನಿನಲ್ಲಿ ಕೊಟ್ಟ ದೂರಿನ ಸಂಖ್ಯೆ ಇಷ್ಟು. ಈ ವ್ಯವಹಾರಗಳಿಗೆ ಓಟಿಪಿ ಕಳಿಸಿದ್ದರೆ ಅದರ ವಿವರ ಕೊಡಿ. 2017ರ ಜುಲೈ 6ರ ಸುತ್ತೋಲೆಯಂತೆ ಮೊತ್ತವನ್ನು ಶುಲ್ಕ ಸಮೇತ ಹಿಂದಿರುಗಿಸಿ. ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೆವು. ಸೀಲು ಹಾಕಲು ಸ್ವಲ್ಪ ಮೀನಮೇಷ ನಡೆಯಿತು. ಹಾಕುವವರೆಗೆ ನಾವು ಏಳಲಿಲ್ಲ.

"ಮೊದಲು ಪೊಲೀಸ್ ಕಂಪ್ಲೇಂಟ್ ಕಾಪಿ ತಗೊಂಡು ಬನ್ನಿ, ಆಮೇಲೆ ಅರ್ಜಿ ತಗೋತೀವಿ" ಎಂದೂ ಒಬ್ಬರು ಅಂದರು. ಪೊಲೀಸ್ ದೂರಿನ ಪ್ರತಿ ತನಿಖೆಗೆ ಬೇಕಾಗಬಹುದು, ಕೊಡೋಣ. ಆದರೆ ದಿನದ ಲೆಕ್ಕ ನಿಲ್ಲುವುದು ಬ್ಯಾಂಕಿಗೆ ತಿಳಿಸಿದಾಗ, ಎಫ್ಐಆರ್ ಆದಾಗ ಅಲ್ಲ. ಠಾಣೆಗೂ ಬ್ಯಾಂಕಿಗೂ ಅಲೆಯುತ್ತಾ ಮೂರನೇ ದಿನ ಕಳೆದುಕೊಂಡರೆ ಲೆಕ್ಕ ಏನಾಗುತ್ತದೆ ಎಂದು ಮೇಲೆ ನೋಡಿದಿರಲ್ಲ.

ದೂರು ಕೊಟ್ಟ ಮೇಲೆ ಬ್ಯಾಂಕಿಗೂ ಗಡುವು ಇದೆ. ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ವಿಮೆಯ ದುಡ್ಡು ಬರಲಿ ಎಂದು ಕಾಯುವಂತಿಲ್ಲ. ದುಡ್ಡು ಹೋದ ದಿನದಿಂದಲೇ ಇದ್ದಂತೆ ಲೆಕ್ಕ ಹಿಡಿಯಬೇಕು, ಬಡ್ಡಿ ಕಡಿಮೆಯಾಗಬಾರದು ಎಂದು. 90 ದಿನದೊಳಗೆ ತನಿಖೆ ಮುಗಿಸಿ ಹೊಣೆ ಯಾರದು ಎಂದು ತೀರ್ಮಾನಿಸಬೇಕು. ಅಷ್ಟರಲ್ಲಿ ತೀರ್ಮಾನವಾಗದಿದ್ದರೆ ನಿಯಮದಂತೆ ಗ್ರಾಹಕನಿಗೆ ಸಲ್ಲಬೇಕಾದದ್ದನ್ನು ಕೊಡಬೇಕು.

ಚಿಕ್ಕಪ್ಪನ ಖಾತೆಗೆ ಆಗಸ್ಟ್ 28ರಂದು ₹19,050 ಬಂತು. ಖುಷಿಯಿಂದ ಎಟಿಎಂಗೆ ಹೋದವರು ಸಪ್ಪೆ ಮೋರೆ ಹಾಕಿಕೊಂಡು ಬಂದರು. ಬ್ಯಾಲೆನ್ಸಿನಲ್ಲಿ ಕಾಣುತ್ತದೆ, ತೆಗೆಯಲು ಬರುವುದಿಲ್ಲ. ತನಿಖೆ ಮುಗಿಯುವವರೆಗೆ ಬ್ಯಾಂಕು ಅದನ್ನು ತಡೆಹಿಡಿದಿತ್ತು. "ಕನ್ನಡೀಲಿರೋ ಗಂಟು ಇದು" ಅಂದರು. ಹಾಸ್ಟೆಲ್ ಫೀಜಿಗೆ ಚಿಕ್ಕಮ್ಮನ ಸ್ವಸಹಾಯ ಸಂಘದಿಂದ ಸಾಲ ತೆಗೆಯಬೇಕಾಯಿತು. ಆ ಸಾಲದ ಬಡ್ಡಿಯನ್ನು ಯಾವ ಸುತ್ತೋಲೆಯೂ ಕೊಡಿಸಲಿಲ್ಲ.

ಅಕ್ಟೋಬರ್ ಕೊನೆಗೆ ತಡೆ ತೆರವಾಯಿತು. ಪರಿವರ್ತನೆ ಶುಲ್ಕದ ಆರುನೂರು ಚಿಲ್ಲರೆ ಮಾತ್ರ ಬಂದಿರಲಿಲ್ಲ. ವ್ಯವಹಾರವೇ ನಮ್ಮದಲ್ಲ ಎಂದಮೇಲೆ ಅದರ ಶುಲ್ಕ ನಮ್ಮದು ಹೇಗೆ ಎಂದು ಒಂದು ಪುಟದ ಅರ್ಜಿ ಕೊಟ್ಟೆವು. ಎರಡು ವಾರದಲ್ಲಿ ಅದೂ ಬಂತು.

ಹೊಸ ಕಾರ್ಡ್ ಬಂದಾಗ ಅದರಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆ ಎರಡೂ ಬಂದ್ ಆಗಿಯೇ ಇದ್ದವು. 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳು ಹಾಗೇ ಬರಬೇಕೆಂಬ ನಿಯಮವಿದೆ. ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮೆಷಿನ್ನಿನಲ್ಲಿ ಮಾತ್ರ ನಡೆಯುತ್ತದೆ, ಉಳಿದದ್ದು ಬೇಕೆಂದರೆ ನಾವೇ ಆನ್ ಮಾಡಿಕೊಳ್ಳಬೇಕು. ಚಿಕ್ಕಪ್ಪನ ಹಳೆಯ ಕಾರ್ಡ್ ಅದಕ್ಕಿಂತ ಮುಂಚಿನದು. ಅದರಲ್ಲಿ ವಿದೇಶಿ ಬಳಕೆ ತೆರೆದೇ ಇತ್ತು ಎಂದು ತನಿಖೆಯ ಪತ್ರದಿಂದ ತಿಳಿಯಿತು. ನಿಮ್ಮಲ್ಲೂ ಹಳೆಯ ಕಾರ್ಡ್ ಇದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಒಮ್ಮೆ ನೋಡಿ. ಆ್ಯಪ್ ಇಲ್ಲದಿದ್ದರೆ ಶಾಖೆಯಲ್ಲೇ ಹೇಳಿ ಬಂದ್ ಮಾಡಿಸಬಹುದು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಈ ವಿಷಯ ಊರಲ್ಲಿ ಹಬ್ಬಿದ ಮೇಲೆ ಪಕ್ಕದ ಹಳ್ಳಿಯ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ಕಾರ್ಡ್ ಬಂದ್ ಆಗುತ್ತದೆ ಎಂದು ಹೆದರಿಸಿದವನಿಗೆ ಕಾರ್ಡಿನ ನಂಬರೂ ಓಟಿಪಿಯೂ ಹೇಳಿಬಿಟ್ಟಿದ್ದರು. ಹತ್ತೂ ನಲವತ್ತಕ್ಕೆ ₹8,000 ಹೋಗಿತ್ತು. ಹನ್ನೊಂದೂ ಐದಕ್ಕೆ ಬ್ಯಾಂಕಿಗೆ ಫೋನು ಮಾಡಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ಮತ್ತೆ ₹6,500 ಹೋಗಿತ್ತು. ಅವರಿಗೆ ಕಹಿಯಾದದ್ದನ್ನೇ ಹೇಳಬೇಕಾಯಿತು. ಮೊದಲಿನ ಎಂಟು ಸಾವಿರ ಈ ನಿಯಮದಡಿ ಸಿಗುವುದಿಲ್ಲ, ಎಷ್ಟು ಬೇಗ ಹೇಳಿದ್ದರೂ. ಆದರೆ ಹನ್ನೊಂದೂ ಐದರ ನಂತರ ಹೋದ ₹6,500 ಬ್ಯಾಂಕಿನ ಹೊಣೆ, ಯಾಕೆಂದರೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ. ಅವರ ಫೋನಿನ ಕಾಲ್ ಪಟ್ಟಿಯಲ್ಲಿ ಹನ್ನೊಂದೂ ಐದರ ಕರೆ ಇನ್ನೂ ಇತ್ತು. ಅದರ ಸ್ಕ್ರೀನ್‌ಶಾಟ್ ಅಂಟಿಸಿ ಅರ್ಜಿ ಬರೆದುಕೊಟ್ಟೆ.

ಅವರ ಅರ್ಜಿಗೆ ಶಾಖೆಯಿಂದ 30 ದಿನ ಕಳೆದರೂ ಉತ್ತರ ಬರಲಿಲ್ಲ. 30 ದಿನ ಕಾದರೂ ಉತ್ತರ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. cms.rbi.org.in ಎಂಬ ಜಾಲತಾಣದಲ್ಲಿ ಫೋನಿನಿಂದಲೇ ಹಾಕಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬ್ಯಾಂಕಿಗೆ ಮೊದಲು ಬರೆದುಕೊಟ್ಟ ಅರ್ಜಿಯ ಪ್ರತಿ ಇಲ್ಲದೆ ಅಲ್ಲಿ ದೂರು ನಿಲ್ಲುವುದಿಲ್ಲ. ಸೀಲಿನ ಪ್ರತಿ ಅವರ ಹತ್ತಿರ ಇತ್ತು. ಹಾಕಿದ್ದೇವೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇನೆ.